ನಿಮಗೂ ಒಪ್ಪುತ್ತೆ ಕಣ್ರೀ

ಪ್ರಶ್ನೆ: ಅಕ್ಕಪಕ್ಕದ ಮನೆಯ ಇಬ್ಬರು ಆಂಟಿಯರು ಕಾಂಪೌಂಡ್ ಗೋಡೆಯ ಆಚೆ ಈಚೆ ನಿಂತು, ಒಬ್ಬರನ್ನೊಬ್ಬರು ಹೊಗಳುತ್ತಲೇ ಚುಚ್ಚುವ ಕತೆ ಬರೆದಿದ್ದೇನೆ. ಮೈಸೂರಿನ ಬಡಾವಣೆ, ಯುಗಾದಿ ಸಮಯ. ಜಯಮ್ಮ ಒಂಟಿ, ಮಗಳು ಅಮೆರಿಕದಲ್ಲಿ. ವಿಮಲಾ ಗಂಡನ ಜೊತೆ ಇದ್ದಾರೆ. ಓದಿದವರೆಲ್ಲ ‘ಇದು ಬರೀ ಜಗಳ’ ಅಂತಾರೆ. ವಿಮಲಾ ಹೇಳುವ ಒಂದು ಮಾತು ಹೀಗಿದೆ: ‘ನಿಮ್ಮ ಒಬ್ಬಟ್ಟು ಚೆನ್ನಾಗಿತ್ತು, ಆದರೆ ಹರಿದು ಹೋಗಿತ್ತು. ನಮ್ಮ ಮನೆಯಲ್ಲಿ ಹಾಗಾಗಲ್ಲ.’ ಕೊನೆಯಲ್ಲಿ ಇಬ್ಬರೂ ಅಪ್ಪಿಕೊಂಡು ಅಳುತ್ತಾರೆ. ಎಲ್ಲಿ ಎಡವಿದ್ದೇನೆ?

ಉತ್ತರ: ಎಡವಿರುವುದು ‘ಆದರೆ’ ಅನ್ನುವ ಪದದಲ್ಲಿ. ಹೊಗಳಿಕೆ ಮುಗಿದು ಬೈಗುಳ ಶುರುವಾಗುವ ಜಾಗಕ್ಕೆ ಆ ಪದ ಗೆರೆ ಎಳೆದುಬಿಡುತ್ತದೆ. ಗೆರೆ ಕಂಡ ಕೂಡಲೇ ಓದುಗರು ಮೊದಲಿನ ಅರ್ಧವನ್ನು ಮರೆತು ಎರಡನೇ ಅರ್ಧವನ್ನಷ್ಟೇ ಹಿಡಿದುಕೊಳ್ಳುತ್ತಾರೆ. ಆಗ ಅದು ಜಗಳವೇ. ಚುಚ್ಚು ಇರುವ ಹೊಗಳಿಕೆಯಲ್ಲಿ ಎರಡು ಭಾಗ ಇರುವುದೇ ಇಲ್ಲ. ಹೊಗಳಿದ ಮಾತೇ ಚುಚ್ಚಬೇಕು.

ಇದನ್ನು ಪರೀಕ್ಷೆ ಮಾಡಲು ನಾನು ಒಂದು ದಾರಿ ಇಟ್ಟುಕೊಂಡಿದ್ದೇನೆ. ಚುಚ್ಚಿಸಿಕೊಂಡವರು ಒಳಗೆ ಹೋಗಿ ಬೇರೊಬ್ಬರ ಹತ್ತಿರ ದೂರು ಹೇಳಿದರೆ ಏನಾಗುತ್ತದೆ ಅಂತ ಬರೆದು ನೋಡುತ್ತೇನೆ. ನಿಮ್ಮ ಜಯಮ್ಮ ಅವತ್ತು ರಾತ್ರಿ ಮಗಳಿಗೆ ಫೋನ್ ಮಾಡುತ್ತಾರೆ ಅಂದುಕೊಳ್ಳಿ. ‘ನೋಡೇ, ಆ ವಿಮಲಾ ಏನಂದ್ಲು ಗೊತ್ತಾ?’ ಅಂತ ಮಾತನ್ನು ಹಾಗೇ ಒಪ್ಪಿಸುತ್ತಾರೆ. ಮಗಳು ‘ಅಯ್ಯೋ, ಹೀಗೂ ಅಂತಾರಾ?’ ಅಂದರೆ ನಿಮ್ಮ ಸಂಭಾಷಣೆ ಸೋತಿತು. ‘ಚೆನ್ನಾಗಿತ್ತು ಅಂದ್ರು ತಾನೇ ಅಮ್ಮಾ, ಅದರಲ್ಲಿ ಬೇಜಾರೇನು?’ ಅಂದರೆ ಗೆದ್ದಿತು. ಜಯಮ್ಮನಿಗೆ ನೋವಾಗಿದೆ, ಆದರೆ ತೋರಿಸಲು ಗಾಯವಿಲ್ಲ. ಆ ಅಸಹಾಯಕತೆಯೇ ಇಂಥ ಕತೆಯ ಜೀವ.

‘ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ’ ಅನ್ನುವ ಗಾದೆ ಈ ಇಡೀ ಆಟದ ನಿಯಮವನ್ನು ಹೇಳುತ್ತದೆ. ಜಯಮ್ಮ ಎದುರು ಮಾತಾಡಿದರೆ ಒಬ್ಬಟ್ಟು ಕೆಟ್ಟಿತ್ತು ಅಂತ ತಾವೇ ಒಪ್ಪಿಕೊಂಡ ಹಾಗೆ. ಅದಕ್ಕೇ ಅವರು ನಗಲೇಬೇಕು. ನಿಮ್ಮ ಕತೆಯಲ್ಲಿ ಜಯಮ್ಮ ಮೂರನೇ ಸಾಲಿನಲ್ಲೇ ಸಿಟ್ಟಾಗಿ ಹೆಗಲು ಮುಟ್ಟಿಕೊಂಡುಬಿಟ್ಟಿದ್ದಾರೆ.

ಹಾಗಾದರೆ ಮುಳ್ಳನ್ನು ಇಡುವುದೆಲ್ಲಿ? ಕನ್ನಡದಲ್ಲಿ ಅದಕ್ಕೆ ಬಹಳ ಚಿಕ್ಕ ಜಾಗಗಳಿವೆ. ನಾನು ಹುಡುಗಿಯಾಗಿದ್ದಾಗ ಕೇಳಿದ ಒಂದು ಮಾತು ಹೇಳುತ್ತೇನೆ. ನಮ್ಮಮ್ಮ ಒಂದು ಗಿಳಿಹಸಿರು ಸೀರೆ ಉಟ್ಟು ಹಿತ್ತಲಲ್ಲಿ ನಿಂತಿದ್ದರು. ಪಕ್ಕದ ಮನೆಯವರು ಗೋಡೆಯಾಚೆಯಿಂದ ನೋಡಿ, ‘ಎಷ್ಟು ಚೆನ್ನಾಗಿದೆ ಬಣ್ಣ! ನಿಮಗೂ ಒಪ್ಪುತ್ತೆ ಕಣ್ರೀ’ ಅಂದರು. ಅಮ್ಮ ನಕ್ಕರು, ‘ಥ್ಯಾಂಕ್ಸ್ ರೀ’ ಅಂದರು, ಒಳಗೆ ಬಂದರು. ಆ ಸೀರೆಯನ್ನು ಮತ್ತೆ ಉಡಲಿಲ್ಲ. ಯಾಕೆ ಅಂತ ನನಗೆ ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ.

‘ನಿಮಗೆ ಒಪ್ಪುತ್ತೆ’ ಅಂದಿದ್ದರೆ ಅದು ಬರೀ ಹೊಗಳಿಕೆ. ‘ನಿಮಗೂ ಒಪ್ಪುತ್ತೆ’ ಅಂದಾಗ, ಒಪ್ಪದವರ ಸಾಲಿನಲ್ಲಿ ಮೊದಲು ನಿಲ್ಲಿಸಿ, ಆಮೇಲೆ ದಯೆಯಿಂದ ಹೊರಗೆ ಕರೆದ ಹಾಗಾಯಿತು. ‘ನಿಮಗೇ ಒಪ್ಪುತ್ತೆ’ ಅಂದರೆ ಇನ್ನೊಂದು ಥರ: ಇಂಥ ಬಣ್ಣವನ್ನು ನೀವೇ ಉಡಬೇಕು, ಬೇರೆ ಯಾರೂ ಉಡಲಾರರು. ಮೂರು ಮಾತಿನಲ್ಲೂ ಪದಗಳು ಅವೇ. ಬದಲಾಗಿದ್ದು ‘ನಿಮಗೆ’ ಅನ್ನುವುದರ ಕೊನೆಯ ಒಂದು ಸ್ವರ. ಶಾಲೆಯ ವ್ಯಾಕರಣದಲ್ಲಿ ಈ ‘ಏ’ಯನ್ನು ಅವಧಾರಣೆ ಅಂತ ಓದಿರುತ್ತೇವೆ, ಒಂದನ್ನೇ ಒತ್ತಿ ಹೇಳುವುದು. ‘ಊ’ ಬಂದರೆ ಅದರ ಜೊತೆಗೆ ಇನ್ನೊಂದು ಇದೆ ಅಂತ. ಆ ಇನ್ನೊಂದು ಏನು ಅನ್ನುವುದನ್ನು ಹೇಳುವವರು ಹೇಳುವುದಿಲ್ಲ. ಕೇಳುವವರೇ ತುಂಬಿಕೊಳ್ಳಬೇಕು. ತುಂಬಿಕೊಂಡಿದ್ದಕ್ಕೆ ಹೇಳಿದವರು ಹೊಣೆಯಲ್ಲ, ಅಲ್ವಾ?

ಇದನ್ನು ನಿಮ್ಮ ಕತೆಯಲ್ಲೇ ಬೇರೆ ಕಡೆ ಬಳಸಿ ನೋಡಿ. ಜಯಮ್ಮ ಬೆಳಗ್ಗೆ ಆರಕ್ಕೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಾರೆ ಅಂತ ಬರೆದಿದ್ದೀರಿ. ವಿಮಲಾ ಹಾಲಿನ ಪ್ಯಾಕೆಟ್ ತಗೊಳ್ಳಲು ಗೇಟಿಗೆ ಬಂದವರು, ‘ಇವತ್ತು ರಂಗೋಲಿ ಚೆನ್ನಾಗಿದೆ ಜಯಮ್ಮನೋರೇ’ ಅಂದರೆ ಸಾಕು. ‘ಇವತ್ತು’ ಅನ್ನುವ ಪದ ನಿನ್ನೆ, ಮೊನ್ನೆ, ಹೋದ ವಾರ ಎಲ್ಲವನ್ನೂ ಒಂದೇ ಏಟಿಗೆ ಹೊಡೆದು ಹಾಕುತ್ತದೆ.

‘ಅಂತೆ’ಯನ್ನೂ ಮರೆಯಬೇಡಿ. ಇನ್ನೊಬ್ಬರಿಂದ ತಿಳಿದ ಸುದ್ದಿಗೆ ನಾವು ಹಾಕುವ ಗುರುತು ಅದು. ‘ನಿಮ್ಮ ಮಗಳು ಮನೆ ತಗೊಂಡ್ಲಂತೆ! ತುಂಬ ಸಂತೋಷ ಆಯ್ತು ಕಣ್ರೀ. ಹೂವಿನವಳು ಹೇಳಿದ್ಲು.’ ಇಲ್ಲಿ ಒಂದು ಕೆಟ್ಟ ಪದವೂ ಇಲ್ಲ. ಆದರೆ ಇಪ್ಪತ್ತು ವರ್ಷದಿಂದ ಪಕ್ಕದಲ್ಲಿರುವ ನನಗೆ ನೀವು ಹೇಳಲಿಲ್ಲ, ಬೀದಿಯಲ್ಲಿ ಹೂ ಮಾರುವವಳಿಂದ ಕೇಳಬೇಕಾಯಿತು ಅನ್ನುವ ದೂರು ಪೂರ್ತಿ ಬಂದಿದೆ. ಗಮನಿಸಿ, ಈ ಚುಚ್ಚಿನಲ್ಲಿ ಚುಚ್ಚಿದವರ ನೋವೇ ಜಾಸ್ತಿ ಕಾಣುತ್ತದೆ. ಇಂಥ ಒಂದು ಮಾತು ಕತೆಯ ನಡುವೆ ಬರಬೇಕು. ಕೊನೆಗೆ ಇಬ್ಬರೂ ಹತ್ತಿರವಾದಾಗ ಓದುಗರು ನಂಬುವುದು ಇದರ ನೆನಪಿನಿಂದ.

ಈಗ ಒಬ್ಬಟ್ಟಿಗೆ ಬರೋಣ. ‘ಹರಿದು ಹೋಗಿತ್ತು’ ಅನ್ನುವುದು ಅಡುಗೆ ಗೊತ್ತಿಲ್ಲದವರ ಟೀಕೆ. ವಿಮಲಾ ಮೂವತ್ತು ಯುಗಾದಿಗೆ ಒಬ್ಬಟ್ಟು ತಟ್ಟಿದ ಹೆಂಗಸು. ಹರಿದಿದ್ದನ್ನು ನೋಡಿದ ಕೂಡಲೇ ಅವರಿಗೆ ಕಾರಣ ಹೊಳೆದಿರುತ್ತದೆ, ಮತ್ತು ಅವರು ಹೊಗಳುವುದು ಆ ಕಾರಣವನ್ನೇ. ನಮ್ಮ ಕಡೆ ಒಬ್ಬಟ್ಟಿನ ಕಣಕಕ್ಕೆ ಚಿರೋಟಿ ರವೆ, ಮೈದಾ, ಚಿಟಿಕೆ ಅರಿಶಿನ ಹಾಕಿ ಮೆತ್ತಗೆ ಕಲಸಿ, ಮೇಲೆ ಧಾರಾಳವಾಗಿ ಎಣ್ಣೆ ಬಿಟ್ಟು ಎರಡು ಗಂಟೆಯಾದರೂ ನೆನೆಯಲು ಇಡುತ್ತಾರೆ. ಚೆನ್ನಾಗಿ ನೆನೆದ ಕಣಕ ಎಳೆದರೆ ರಬ್ಬರಿನ ಹಾಗೆ ಬರುತ್ತದೆ. ಹೂರಣಕ್ಕೆ ಬೇಳೆ ಬೇಯಿಸಿದ ಮೇಲೆ ಕಟ್ಟನ್ನು ಪೂರ್ತಿ ಬಸಿಯಬೇಕು. ಬಸಿದದ್ದು ಸಾಲದಿದ್ದರೆ ಬೆಲ್ಲ ಸೇರಿದ ಕೂಡಲೇ ಅದು ನೀರು ಬಿಟ್ಟುಕೊಂಡು, ಹೂರಣ ಉಂಡೆ ನಿಲ್ಲುವುದಿಲ್ಲ. ತಟ್ಟುವಾಗ ಕಣಕವನ್ನು ಸೀಳಿಕೊಂಡು ಆಚೆ ಬರುತ್ತದೆ, ಕಾವಲಿಗೆ ಅಂಟಿಕೊಳ್ಳುತ್ತದೆ, ಮಗುಚುವಾಗ ಮುರಿಯುತ್ತದೆ. ತಟ್ಟೆಗೆ ಬರುವುದು ಸಿಹಿಯಾದ, ಮೆತ್ತನೆಯ ಚೂರು. ಇನ್ನು ಆ ಬಸಿದ ಕಟ್ಟಿನಲ್ಲಿ ಒಂದಿಷ್ಟು ಹೂರಣ ಕದಡಿ, ಹುಣಸೆ ಹುಳಿ, ಸಾರಿನ ಪುಡಿ ಹಾಕಿದರೆ ಒಬ್ಬಟ್ಟಿನ ಸಾರು.

ಇಷ್ಟು ಗೊತ್ತಿದ್ದರೆ ವಿಮಲಾ ಬಾಯಲ್ಲಿ ಮಾತು ತಾನಾಗಿ ಬರುತ್ತದೆ. ನಿಮ್ಮ ದೃಶ್ಯವನ್ನು ನಾನು ಹೀಗೆ ತಿದ್ದುತ್ತೇನೆ:

‘ಜಯಮ್ಮನೋರೇ, ನಿನ್ನೆ ಕಳಿಸಿದ್ರಲ್ಲ ಒಬ್ಬಟ್ಟು, ಏನು ಮೆತ್ತಗಿತ್ತು ಅಂತೀರಾ! ನಮ್ಮನೆಯವರು ಚಮಚ ಹಾಕ್ಕೊಂಡು ತಿಂದ್ರು.’

‘ಹೌದಾ? ಸದ್ಯ, ಇಷ್ಟ ಆಯ್ತಲ್ಲ.’

‘ಸಾರಂತೂ ಕೇಳ್ಬೇಡಿ. ನಿಮ್ಮನೆ ಹಬ್ಬ ಅಂದ್ರೆ ನಾನು ಸಾರಿಗೇ ಕಾಯೋದು.’

ಮಗಳಿಗೆ ಫೋನ್ ಮಾಡುವ ಪರೀಕ್ಷೆಗೆ ಇದನ್ನು ಒಡ್ಡಿ. ಮೆತ್ತಗಿತ್ತು, ಗಂಡ ತಿಂದರು, ಸಾರು ಚೆನ್ನಾಗಿತ್ತು. ದೂರು ಹೇಳಲು ಏನೂ ಇಲ್ಲ. ಆದರೆ ಒಬ್ಬಟ್ಟನ್ನು ಚಮಚದಲ್ಲಿ ತಿನ್ನುವುದು ಯಾವಾಗ ಅಂತ ಜಯಮ್ಮನಿಗೆ ಗೊತ್ತು. ‘ಸಾರಿಗೇ’ ಅನ್ನುವ ‘ಏ’ಯಲ್ಲಿ ಒಬ್ಬಟ್ಟು ಎಲ್ಲಿಗೆ ಹೋಯಿತು ಅಂತಲೂ ಗೊತ್ತು. ಒಬ್ಬಟ್ಟು ಮಾಡದ ಓದುಗರಿಗೆ ಮೊದಲ ಸಲ ಪೂರ್ತಿ ಹೊಳೆಯದೆ ಇರಬಹುದು. ಅದಕ್ಕೆ ಎರಡು ಪುಟ ಮೊದಲೇ, ಜಯಮ್ಮನ ಅಡುಗೆಮನೆಯಲ್ಲಿ ಹೂರಣ ಕೈಗೆ ಅಂಟುವುದನ್ನು, ಕಾವಲಿಯ ಮೇಲಿನಿಂದ ಮೊಗಚೆಕಾಯಿಯಲ್ಲಿ ಚೂರುಗಳನ್ನು ಎತ್ತುವುದನ್ನು, ಇದ್ದುದರಲ್ಲಿ ಗುಂಡಗಿದ್ದ ನಾಲ್ಕನ್ನು ಆರಿಸಿ ಪಕ್ಕದ ಮನೆಗೆ ಡಬ್ಬಿಗೆ ಹಾಕುವುದನ್ನು ಬರೆಯಿರಿ. ಆರಿಸಿ ಕಳಿಸಿದ ನಾಲ್ಕಕ್ಕೇ ಈ ಮಾತು ಬಂತು ಅಂದಾಗ ಓದುಗರು ಜಯಮ್ಮನ ಪಕ್ಕ ಬಂದು ನಿಲ್ಲುತ್ತಾರೆ.

ಇನ್ನು ಉತ್ತರ. ನಿಮ್ಮ ಜಯಮ್ಮ ‘ನಮ್ಮ ಒಬ್ಬಟ್ಟಿಗೆ ಏನಾಗಿತ್ತು?’ ಅಂತ ಕೇಳಿ ಸೋಲುತ್ತಾರೆ. ಇಂಥ ಮಾತಿನಲ್ಲಿ ಪಳಗಿದವರು ಆರೋಪವನ್ನು ಎಂದೂ ಅಲ್ಲಗಳೆಯುವುದಿಲ್ಲ. ಅದನ್ನು ತಾವೇ ಎತ್ತಿಕೊಂಡು, ‘ನಿಮಗೋಸ್ಕರವೇ ಮಾಡಿದೆ’ ಅಂತ ಉಪಕಾರದ ರೂಪದಲ್ಲಿ ವಾಪಸ್ ಕೊಡುತ್ತಾರೆ:

‘ಮೆತ್ತಗೇ ಮಾಡಿದೆ ಕಣ್ರೀ. ನಿಮ್ಮನೆಯವರ ಹಲ್ಲು ನೆನಪಾಯ್ತು. ಪಾಪ, ಮನೇಲಿ ಹೇಗೆ ತಿಂತಾರೋ ಏನೋ ಅನ್ನಿಸ್ತು.’

ವಿಮಲಾ ಮಾಡುವ ಒಬ್ಬಟ್ಟು ಗಟ್ಟಿ ಅಂತ ಜಯಮ್ಮ ಎಲ್ಲೂ ಹೇಳಿಲ್ಲ. ‘ಪಾಪ’ ಅನ್ನುವ ಪದವನ್ನು ನೋಡಿ. ಕನಿಕರ ತೋರಿಸಿದ ಕೂಡಲೇ ಹೇಳುವವರು ಒಂದು ಮೆಟ್ಟಿಲು ಮೇಲೆ ಹೋಗುತ್ತಾರೆ, ಕೇಳುವವರು ಕೆಳಗೆ ಉಳಿಯುತ್ತಾರೆ. ಕನಿಕರಕ್ಕೆ ಸಿಟ್ಟಾಗುವುದು ಹೇಗೆ? ವಿಮಲಾ ಈಗ ‘ಅಯ್ಯೋ, ಎಷ್ಟು ನೆನಪಿಟ್ಕೊಂಡಿದ್ದೀರಿ’ ಅನ್ನಬೇಕು. ದೃಶ್ಯ ಅಲ್ಲಿಗೆ ನಿಲ್ಲಲಿ. ನೀವು ಒಂದೇ ದೃಶ್ಯದಲ್ಲಿ ಒಂಬತ್ತು ಚುಚ್ಚು ಹಾಕಿದ್ದೀರಿ. ಮೂರನೆಯದರ ನಂತರ ಓದುಗರ ಚರ್ಮ ದಪ್ಪವಾಗುತ್ತದೆ, ಮುಂದಿನ ಆರು ಅವರಿಗೆ ತಾಕುವುದೇ ಇಲ್ಲ. ಉಳಿದದ್ದನ್ನು ಬೇರೆ ದಿನಗಳಿಗೆ ಹಂಚಿ. ಗೋಡೆಯ ಮೇಲಿನ ಜಗಳಕ್ಕೆ ಅವಸರವಿಲ್ಲ. ಸೋಮವಾರದ ಮಾತಿಗೆ ಶುಕ್ರವಾರ ಉತ್ತರ ಬರಬಹುದು, ಅದೂ ಡಬ್ಬಿಯಲ್ಲಿ.

ಡಬ್ಬಿಯ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ. ನಮ್ಮಲ್ಲಿ ಪಕ್ಕದ ಮನೆಯಿಂದ ತಿಂಡಿ ಬಂದ ಪಾತ್ರೆಯನ್ನು ಖಾಲಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಹಾಗಾಗಿ ಇಬ್ಬರು ಆಂಟಿಯರ ನಡುವೆ ಮಾತು ನಿಂತರೂ ಡಬ್ಬಿ ನಿಲ್ಲುವುದಿಲ್ಲ, ಯಾರ ಸರದಿಯೂ ಮುಗಿಯುವುದಿಲ್ಲ. ಡಬ್ಬಿಯೊಳಗೆ ಏನು ಬಂತು ಅನ್ನುವುದೇ ಸಂಬಂಧ ಹೇಗಿದೆ ಅನ್ನುವುದಕ್ಕೆ ಸಾಕ್ಷಿ. ಕೋಡುಬಳೆ ಬಂದರೆ ಒಂದು ಅರ್ಥ. ಬರೀ ಸಕ್ಕರೆ ಬಂದರೆ, ಶಾಸ್ತ್ರ ಮುಗಿಸಿದ್ದೇನೆ ಅಂತ ಅರ್ಥ. ಡಬ್ಬಿ ಬರಲು ತಡವಾದರೆ ಅದಕ್ಕೂ ಒಂದು ಮಾತು ಹುಟ್ಟುತ್ತದೆ. ಸ್ಟೀಲ್ ಪಾತ್ರೆಗೆ ಹೆಸರು ಕೆತ್ತಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದ್ದೇ ಇದೆಯಲ್ಲ. ಜಯಮ್ಮ ಹತ್ತು ದಿನದ ಮೇಲೆ ಡಬ್ಬಿ ಹಿಂದಿರುಗಿಸುತ್ತಾ, ‘ನೀವು ಹೆಸರು ಕೆತ್ತಿಸಿಟ್ಟಿದ್ದು ಎಷ್ಟು ಒಳ್ಳೇದಾಯ್ತು ನೋಡಿ. ನೀವು ಎಲ್ಲದರಲ್ಲೂ ಹುಷಾರು’ ಅನ್ನಬಹುದು. ಹುಷಾರು ಅನ್ನುವುದು ಹೊಗಳಿಕೆ. ಯಾರ ಬಗ್ಗೆ ಹುಷಾರು ಅನ್ನುವುದು ಮಾತ್ರ ಗಾಳಿಯಲ್ಲಿ ಉಳಿಯುತ್ತದೆ.

ಗೋಡೆಯನ್ನೂ ನೀವು ಬರೀ ಹಿನ್ನೆಲೆಯಾಗಿ ಬಿಟ್ಟಿದ್ದೀರಿ. ಅದರ ಎತ್ತರ ಎಷ್ಟು ಅಂತ ಮೊದಲು ತೀರ್ಮಾನ ಮಾಡಿ. ಮೂರಡಿ ಇದ್ದರೆ ಇಬ್ಬರೂ ಅದರ ಮೇಲೆ ಕೂತು ಹರಟೆ ಹೊಡೆಯುತ್ತಾರೆ. ಆರಡಿ ಇದ್ದರೆ ಮುಖವೇ ಕಾಣುವುದಿಲ್ಲ. ನಾಲ್ಕೂವರೆ ಅಡಿ ಇರಲಿ. ಆಗ ಮುಖ, ಕತ್ತು ಕಾಣುತ್ತದೆ. ಕೈ ಕಾಣುವುದಿಲ್ಲ. ಇದು ನಿಮಗೆ ಸಿಕ್ಕ ದೊಡ್ಡ ಅನುಕೂಲ. ನೀವು ‘ವಿಮಲಾ ವ್ಯಂಗ್ಯವಾಗಿ ಹೇಳಿದರು’, ‘ಜಯಮ್ಮನಿಗೆ ಒಳಗೊಳಗೇ ಉರಿಯಿತು’ ಅಂತ ಆರು ಕಡೆ ಬರೆದಿದ್ದೀರಿ. ಆರನ್ನೂ ಹೊಡೆದು ಹಾಕಿ. ಅದರ ಬದಲು ಗೋಡೆಯ ಕೆಳಗಿನ ಕೈಗಳನ್ನು ಬರೆಯಿರಿ. ‘ಸಾರಿಗೇ ಕಾಯೋದು’ ಅನ್ನುವ ಮಾತು ಬಂದಾಗ ಜಯಮ್ಮನ ಮುಖ ನಗುತ್ತಿರಲಿ. ಕೆಳಗೆ ಅವರ ಕೈ, ಆಗಷ್ಟೇ ಕಿತ್ತ ಕರಿಬೇವಿನ ಎಲೆಗಳನ್ನು ಒಂದೊಂದಾಗಿ ಹಿಸುಕುತ್ತಿರಲಿ. ಹಿಸುಕಿದ ಕರಿಬೇವಿನ ವಾಸನೆ ವಿಮಲಾಗೂ ಬರುತ್ತದೆ. ‘ಒಗ್ಗರಣೆಗಾ?’ ಅಂತ ಅವರು ಕೇಳಲಿ. ಚುಚ್ಚು ತಾಕಿತು ಅಂತ ಅವರಿಗೆ ತಿಳಿದಿದ್ದು ಹೀಗೆ, ಓದುಗರಿಗೂ ಹೀಗೇ ತಿಳಿಯಲಿ.

ವಿಮಲಾ ಕುಳ್ಳಗಿದ್ದಾರೆ ಅಂತ ಒಂದು ಕಡೆ ಬರೆದಿದ್ದೀರಿ. ಹಾಗಿದ್ದರೆ ಅವರು ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತೇ ಮಾತಾಡಬೇಕು. ಚುಚ್ಚಲಿಕ್ಕೋಸ್ಕರ ಒಬ್ಬರು ದಿನಾ ಕಲ್ಲು ಹತ್ತುತ್ತಾರೆ ಅಂದರೆ ಅದು ಬರೀ ದ್ವೇಷವಲ್ಲ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಾತಾಡಿಸುವ ರೀತಿಯ ಬಗ್ಗೆ ಒಂದು ಎಚ್ಚರಿಕೆ. ನಿಮ್ಮ ಕತೆಯಲ್ಲಿ ಇಬ್ಬರಿಗೂ ಸಿಟ್ಟು ಬಂದಾಗ ‘ನೀನು’ ಅಂತ ಏಕವಚನಕ್ಕೆ ಇಳಿಯುತ್ತಾರೆ. ಬೀದಿ ಜಗಳದಲ್ಲಿ ಅದು ಸರಿ. ಇಲ್ಲಿ ಅದರ ಉಲ್ಟಾ ಆಗಬೇಕು. ಮೈಸೂರು, ಬೆಂಗಳೂರಿನ ಕಡೆ ಇಂಥ ಹೆಂಗಸರು ಸಲುಗೆ ಇದ್ದಾಗ ‘ಏನ್ರೀ’, ‘ಕಣ್ರೀ’ ಅನ್ನುತ್ತಾರೆ. ಮನಸ್ಸು ದೂರವಾದಷ್ಟೂ ಮರ್ಯಾದೆ ಏರುತ್ತದೆ. ‘ಕಣ್ರೀ’ ಹೋಗಿ ಪೂರ್ತಿ ಹೆಸರು ಬರುತ್ತದೆ, ಹೆಸರಿನ ಬಾಲಕ್ಕೆ ‘ನೋರೇ’ ಸೇರುತ್ತದೆ, ‘ಬನ್ನಿ’ ಹೋಗಿ ‘ದಯವಿಟ್ಟು ಬನ್ನಿ’ ಆಗುತ್ತದೆ. ಮರ್ಯಾದೆ ಜಾಸ್ತಿ ಆದಾಗ ಓದುಗರಿಗೆ ಭಯ ಆಗಬೇಕು. ನೀವು ಕತೆಯನ್ನು ಧಾರವಾಡಕ್ಕೆ ಒಯ್ದರೆ ‘ವೈನಿ’, ‘ಅಕ್ಕಾರ’ ಬರುತ್ತವೆ, ಅಲ್ಲಿನ ಲೆಕ್ಕವೇ ಬೇರೆ. ಸುಮ್ನೆ ಪದ ಬದಲಿಸಿದರೆ ಸಾಲದು. ಹಾಗಾಗಿ ಇದು ಮೈಸೂರಿನಲ್ಲೇ ಇರಲಿ.

ಕೊನೆಗೆ ಅಪ್ಪಿಕೊಂಡು ಅಳುವ ವಿಷಯ. ಅದನ್ನು ನಂಬಲು ನನಗೆ ಆಗಲಿಲ್ಲ. ಇಡೀ ಕತೆಯಲ್ಲಿ ಹೊಗಳಿಕೆಯನ್ನು ಆಯುಧ ಮಾಡಿಕೊಂಡವರು ಪ್ರೀತಿಯನ್ನು ಮತ್ತೆ ಸಿಹಿ ಮಾತಿನಲ್ಲಿ ಹೇಗೆ ಹೇಳುತ್ತಾರೆ? ಸಿಹಿ ಮಾತು ಅವರ ನಡುವೆ ಕೆಟ್ಟು ಹೋಗಿದೆ. ಅವರಿಗೆ ಉಳಿದಿರುವುದು ಬೈಗುಳ ಒಂದೇ. ನಮ್ಮ ಅಲಂಕಾರ ಶಾಸ್ತ್ರದಲ್ಲಿ ವ್ಯಾಜಸ್ತುತಿ ಅಂತ ಒಂದಿದೆ, ಅದರಲ್ಲಿ ಎರಡೂ ದಾರಿ ಇವೆ: ಹೊಗಳುವ ನೆಪದಲ್ಲಿ ತೆಗಳುವುದು, ತೆಗಳುವ ನೆಪದಲ್ಲಿ ಹೊಗಳುವುದು. ಎರಡನೆಯ ದಾರಿ ನಮಗೆ ದಾಸರ ನಿಂದಾಸ್ತುತಿಯಿಂದ ಚೆನ್ನಾಗಿ ಪರಿಚಯ. ಹತ್ತಿರದವನು ಅನ್ನಿಸಿದ್ದಕ್ಕೇ ದೇವರನ್ನು ಬೈಯುವ ಧೈರ್ಯ ಬರುವುದು. ನಿಮ್ಮ ಕತೆ ಮೊದಲ ದಾರಿಯಲ್ಲಿ ಹೊರಟು ಎರಡನೆಯದರಲ್ಲಿ ಮುಗಿಯಬೇಕು.

ಅದಕ್ಕೆ ಬೇಕಾದ ಸಾಮಾನೆಲ್ಲ ನೀವೇ ಇಟ್ಟಿದ್ದೀರಿ. ಇಷ್ಟು ಗುರಿಯಿಟ್ಟು ಚುಚ್ಚಬೇಕಾದರೆ ಎದುರಿನವರನ್ನು ಎಷ್ಟು ಹತ್ತಿರದಿಂದ ನೋಡಿರಬೇಕು ಯೋಚಿಸಿ. ಜಯಮ್ಮ ಎಷ್ಟು ಹೊತ್ತಿಗೆ ರಂಗೋಲಿ ಬಿಡುತ್ತಾರೆ, ಕುಕ್ಕರ್ ಎಷ್ಟು ಸಲ ಕೂಗುತ್ತದೆ, ಯಾವ ಸೀರೆ ಯಾವ ವಾರ ತಂತಿಯ ಮೇಲೆ ಒಣಗುತ್ತದೆ, ಎಲ್ಲವೂ ವಿಮಲಾಗೆ ಗೊತ್ತು. ಅಮೆರಿಕದ ಮಗಳಿಗೂ ಇಷ್ಟು ಗೊತ್ತಿಲ್ಲ. ಹಾಗಾಗಿ ಜಯಮ್ಮನಿಗೆ ಏನಾದರೂ ಆದರೆ ಮೊದಲು ತಿಳಿಯುವುದು ಚುಚ್ಚುವವರಿಗೇ.

ಒಂದು ಬೆಳಗ್ಗೆ ಏಳೂವರೆ ಆದರೂ ರಂಗೋಲಿ ಬಿದ್ದಿಲ್ಲ. ಹಾಲಿನ ಪ್ಯಾಕೆಟ್ ಗೇಟಿಗೆ ನೇತುಹಾಕಿದ ಚೀಲದಲ್ಲೇ ಇದೆ. ಕುಕ್ಕರ್ ಕೂಗಿಲ್ಲ. ವಿಮಲಾ ಕಲ್ಲು ಹತ್ತಿ ‘ಜಯಮ್ಮನೋರೇ’ ಅನ್ನುತ್ತಾರೆ. ಎರಡನೇ ಸಲ ಜೋರಾಗಿ ಕೂಗುತ್ತಾರೆ. ಮೂರನೇ ಸಲ ಕೂಗುವುದಿಲ್ಲ. ಕಲ್ಲಿನಿಂದ ಇಳಿದು, ತಮ್ಮ ಗೇಟು ದಾಟಿ, ಅವರ ಗೇಟು ತೆಗೆದು ಒಳಗೆ ಹೋಗುತ್ತಾರೆ. ಇಡೀ ಕತೆಯಲ್ಲಿ ಇದಕ್ಕೂ ಮೊದಲು ಯಾರೂ ಗೋಡೆ ಸುತ್ತಿ ಬಂದಿರಬಾರದು. ತಂದ ತಿಂಡಿ, ಆಡಿದ ಮಾತು ಎಲ್ಲವೂ ಗೋಡೆಯ ಮೇಲೇ ಹಾದು ಹೋಗಿರಬೇಕು. ಅರಿಶಿನ ಕುಂಕುಮಕ್ಕೆ ಕರೆದ ದೃಶ್ಯವೊಂದು ನಿಮ್ಮ ಕರಡಿನಲ್ಲಿದೆ, ಅದನ್ನು ತೆಗೆದುಬಿಡಿ. ಆಗಲೇ ಆ ಎರಡು ಗೇಟಿನ ಸದ್ದಿಗೆ ತೂಕ ಬರುತ್ತದೆ.

ಹಿತ್ತಲ ಬಾಗಿಲು ಸುಮ್ಮನೆ ಮುಂದೆ ಮಾಡಿದೆ. ಜಯಮ್ಮ ಜ್ವರದಲ್ಲಿ ಮಲಗಿದ್ದಾರೆ, ಹಣೆ ಕಾದ ಕಾವಲಿ. ವಿಮಲಾ ಮುಟ್ಟಿ ನೋಡುತ್ತಾರೆ, ಆಮೇಲೆ ಬಾಯಿ ಬಿಡುತ್ತಾರೆ:

‘ಏನ್ರೀ, ಬುದ್ಧಿ ಇದೆಯಾ ನಿಮಗೆ? ರಾತ್ರಿಯೆಲ್ಲ ಹೀಗೆ ಒಬ್ಬರೇ ಬಿದ್ದಿದ್ದೀರಲ್ಲ! ಗೋಡೆ ತಟ್ಟೋಕೆ ಏನಾಗಿತ್ತು?’

ಇದರಲ್ಲಿ ಹೊಗಳಿಕೆ ಇಲ್ಲ, ಮುಳ್ಳೂ ಇಲ್ಲ. ‘ನೋರೇ’ ಹೋಗಿ ‘ಏನ್ರೀ’ ಬಂದಿದೆ. ಕತೆಯಲ್ಲಿ ಮೊದಲ ಸಲ ವಿಮಲಾ ಮನಸ್ಸಿನಲ್ಲಿದ್ದದ್ದನ್ನೇ ಆಡಿದ್ದಾರೆ. ಜಯಮ್ಮ ಉತ್ತರ ಕೊಡುವುದು ಬೇಡ. ಅವರಿಗೆ ಉತ್ತರ ಕೊಡಲು ಇನ್ನೂ ಮೂರು ದಿನ ಇದೆ, ಯಾಕೆಂದರೆ ಆ ಮೂರು ದಿನವೂ ವಿಮಲಾ ಡಬ್ಬಿಯಲ್ಲಿ ಗಂಜಿ ಬರುತ್ತದೆ, ಜೊತೆಗೆ ಒಂದು ಚೂರು ನಿಂಬೆಕಾಯಿ ಉಪ್ಪಿನಕಾಯಿ. ಆ ದಿನಗಳನ್ನು ಎರಡು ಸಾಲಿನಲ್ಲಿ ದಾಟಿಬಿಡಿ. ಡಾಕ್ಟರು, ಮಾತ್ರೆ, ಮಗಳ ಫೋನು, ಯಾವುದನ್ನೂ ಬೆಳೆಸಬೇಡಿ.

ನಾಲ್ಕನೇ ದಿನ ಜಯಮ್ಮ ಎದ್ದು ಹಿತ್ತಲಿಗೆ ಬರುತ್ತಾರೆ. ಗೋಡೆ ಹಿಡಿದುಕೊಂಡು ನಿಲ್ಲುತ್ತಾರೆ. ಅವರ ಕೈ ಈಗ ಗೋಡೆಯ ಮೇಲಿದೆ, ವಿಮಲಾಗೆ ಕಾಣುವ ಹಾಗೆ. ಕೈಯಲ್ಲಿ ಡಬ್ಬಿ. ಅದರಲ್ಲಿ ಸಕ್ಕರೆ ಇಲ್ಲ, ಬಾಳೆಹಣ್ಣಿಲ್ಲ. ಖಾಲಿ. ತೊಳೆದೂ ಇಲ್ಲ, ಗಂಜಿಯ ಅಗುಳು ಅಂಚಿನಲ್ಲಿ ಒಣಗಿ ಅಂಟಿಕೊಂಡಿದೆ. ತಮ್ಮ ಮನೆಯವರಿಗೆ ಮಾತ್ರ ಯಾರಾದರೂ ಹೀಗೆ ಪಾತ್ರೆ ಕೊಡುತ್ತಾರೆ. ಇದನ್ನು ನೀವು ವಿವರಿಸಬೇಡಿ. ಡಬ್ಬಿಯ ಶಾಸ್ತ್ರವನ್ನು ಮೊದಲಿನಿಂದ ಕಾಪಾಡಿಕೊಂಡು ಬಂದಿದ್ದರೆ ಓದುಗರಿಗೆ ಆ ಒಂದು ಅಗುಳು ಸಾಕು. ಜಯಮ್ಮನ ಬಾಯಲ್ಲಿ ‘ಕಣ್ರೀ’ ಕೂಡ ಉಳಿದಿರಬಾರದು. ವಿಮಲಾಗಿಂತ ನಾಲ್ಕು ವರ್ಷ ದೊಡ್ಡವರು ಅವರು, ಆ ಹಕ್ಕನ್ನು ಇಪ್ಪತ್ತು ವರ್ಷದಿಂದ ಬಳಸಿರಲಿಲ್ಲ. ವಿಮಲಾ ಮಾತ್ರ ಬಹುವಚನ ಬಿಡದಿರಲಿ, ಮತ್ತು ಅವರೊಳಗಿನ ಮುಳ್ಳು ಪೂರ್ತಿ ಮಾಯವಾಗುವುದೂ ಬೇಡ. ಈಗ ಅದನ್ನು ಮುಚ್ಚಿಡುವ ಅಗತ್ಯ ಇಲ್ಲ, ಅಷ್ಟೇ.

‘ತೊಳೆಯೋಕೆ ಆಗ್ಲಿಲ್ಲ ಕಣೇ ವಿಮಲಾ.’

‘ನೀವು ತೊಳೆದಿದ್ರೂ ನಾನು ಇನ್ನೊಂದ್ ಸಲ ತೊಳೀತಿದ್ದೆ. ಕೊಡಿ ಈ ಕಡೆ.’